ಪದಚರ್ಚೆ: ಬಾಲ್ಕನಿಗೆ ಕಟ್ಟುವುದು ಬಲೆಯೋ ಜಾಲರಿಯೋ? ‘ಕ್ಲಿಪ್’ಗೆ ಏನನ್ನೋಣ? (ತುರ್ತು)

ಗಿರಿಜಾ:
ಎಲ್ಲರಿಗೂ ನಮಸ್ಕಾರ. ಸಂಜೆಯೊಳಗೆ ಒಂದು ಹಾಳೆ ಅಚ್ಚಿಗೆ ಹೋಗಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಾಲ್ಕನಿಗೆ ಕಟ್ಟುವ ನೈಲಾನ್ ಬಲೆಯ ಜೊತೆ ಕೊಡುವ ಸೂಚನೆ ಅದು. ಇಂಗ್ಲಿಷ್ ಮೂಲದಲ್ಲಿ ಒಂದು ಕಡೆ ‘ನೆಟ್’, ಇನ್ನೊಂದು ಕಡೆ ‘ಮೆಶ್’ ಅಂತಿದೆ. ಎರಡಕ್ಕೂ ‘ಕ್ಲಿಪ್’ ಅಂತಲೇ ಬರೆದಿದ್ದಾರೆ. ನನ್ನ ಕರಡು ಹೀಗಿದೆ: “ಬಲೆಯ ಸುತ್ತ 25 ಸೆಂ.ಮೀ.ಗೆ ಒಂದರಂತೆ ಕ್ಲಿಪ್ ಹಾಕಿ.”

ಕೆಳಗೆ ಒಂದು ಉದಾಹರಣೆ ಕೊಟ್ಟಿದ್ದಾರೆ. ಅಗಲ 3 ಮೀಟರ್, ಎತ್ತರ 2.1 ಮೀಟರ್, ಕ್ಲಿಪ್ 42. ಸುತ್ತಳತೆ 10.2 ಮೀಟರ್ ಆಗುತ್ತೆ. 25 ಸೆಂ.ಮೀ.ಯಿಂದ ಭಾಗಿಸಿದರೆ 40.8, ಅಂದರೆ 41. ಮೂಲವೇ ತಪ್ಪೋ, ನನ್ನ ಕನ್ನಡ ಅದರ ಅರ್ಥ ಕೆಡಿಸಿದೆಯೋ ಗೊತ್ತಾಗುತ್ತಿಲ್ಲ.

ವೆಂಕಟೇಶ:
ಬಲೆ ಇರುವಾಗ ಜಾಲರಿ ಯಾಕೆ? ಬಲೆ ನಮ್ಮದೇ ಪದ. ತಮಿಳಿನಲ್ಲಿ ವಲೈ, ತೆಲುಗಿನಲ್ಲಿ ವಲ. ಅಲ್ಲಿಯ ವಕಾರ ನಮ್ಮಲ್ಲಿ ಬಕಾರ ಆಗಿದೆ, ವಾಯ್ ಬಾಯಿ ಆದ ಹಾಗೆ. ಜಾಲ, ಜಾಲರಿ ಎರಡೂ ಸಂಸ್ಕೃತದ ಕಡೆಯವು. ‘ಕ್ಲಿಪ್’ ತೆಗೆದು ‘ಕೊಕ್ಕೆ’ ಹಾಕಿ. ‘ಬಾಲ್ಕನಿ’ಗೆ ‘ಮೊಗಸಾಲೆ’ ಸಾಕು.

ನಾಗರಾಜ್:
ಮೊಗಸಾಲೆ ಆಗಲ್ಲ. ಅದು ಮನೆಯ ಮುಂದೆ ನೆಲದ ಮೇಲೇ ಇರುವ ಜಾಗ. ನಾಲ್ಕನೇ ಮಹಡಿಯಲ್ಲಿ ಗೋಡೆಯಿಂದ ಹೊರಗೆ ಚಾಚಿರುವುದನ್ನು ಹಾಗೆ ಕರೆದರೆ ಓದಿದವರು ಕೆಳಗೆ ಹುಡುಕುತ್ತಾರೆ.

ಕ್ಲಿಪ್ಪಿನ ಲೆಕ್ಕ ಸುಲಭ, ಮೇಡಂ. ಬೇಲಿಗೆ ಕಂಬ ನೆಡುವಾಗಿನದೇ ಸೂತ್ರ: ಉದ್ದವನ್ನು ಅಂತರದಿಂದ ಭಾಗಿಸಿ ಒಂದು ಕೂಡಿಸಬೇಕು. 3 ಮೀಟರಿಗೆ 12 ತೆರಪು, 13 ಕ್ಲಿಪ್. 2.1 ಮೀಟರಿಗೆ 9 ತೆರಪು, 10 ಕ್ಲಿಪ್. ನಾಲ್ಕು ಬದಿಗೆ 13, 10, 13, 10. ಒಟ್ಟು 46. ಮೂಲದ 42 ತಪ್ಪು.

ಇಸ್ಮಾಯಿಲ್:
ನಾಗರಾಜ್ ಸರ್, ತೆರಪಿನ ಲೆಕ್ಕ ಸರಿ ಇದೆ, ಮೊತ್ತ ಸರಿ ಇಲ್ಲ. ಮೂಲೆಯ ಕೊಕ್ಕೆ ಎರಡು ಬದಿಗೂ ಸೇರಿದ್ದು. ನೀವು ನಾಲ್ಕು ಮೂಲೆಯನ್ನೂ ಎರಡೆರಡು ಸಲ ಎಣಿಸಿದ್ದೀರಿ. 46ರಲ್ಲಿ 4 ಕಳೆಯಿರಿ, 42. ಸುತ್ತಿ ಬಂದು ಸೇರುವ ಅಂಚಿನಲ್ಲಿ ಎಷ್ಟು ತೆರಪೋ ಅಷ್ಟೇ ಕೊಕ್ಕೆ, ಒಂದು ಕೂಡಿಸುವ ಮಾತೇ ಇಲ್ಲ.

ಗಿರಿಜಾ ಮೇಡಂ, ನಿಮ್ಮ 41 ಯಾಕೆ ಬಂತು ಅಂದರೆ ನೀವು ಸುತ್ತಳತೆಯನ್ನು ಒಟ್ಟಿಗೇ ಭಾಗಿಸಿದ್ದೀರಿ. ಹಾಗೆ ಒಂದೇ ಸಮ ಅಳೆಯುತ್ತಾ ಹೋದರೆ ನಾಲ್ಕೂ ಮೂಲೆಗೆ ಕೊಕ್ಕೆ ಬೀಳುವುದಿಲ್ಲ. ಮೂಲೆ ಬಿಟ್ಟುಹೋದರೆ ಬಲೆ ಅಲ್ಲಿ ಒಳಕ್ಕೆ ಎಳೆದುಕೊಂಡು ಮುಕ್ಕೋನಾಕಾರದ ಸಂದಿ ಬಿಡುತ್ತೆ. ಪಾರಿವಾಳ ಮೊದಲು ನುಗ್ಗುವುದೇ ಆ ಸಂದಿಯಲ್ಲಿ. ಅದಕ್ಕೇ ನಾವು ಮೊದಲು ನಾಲ್ಕು ಮೂಲೆಗೆ ಹೊಡೆದು, ಆಮೇಲೆ ಒಂದೊಂದು ಬದಿಯನ್ನೂ ಬೇರೆಬೇರೆಯಾಗಿ ಸಮವಾಗಿ ಹಂಚುತ್ತೇವೆ. 210ನ್ನು 25ರಿಂದ ಭಾಗಿಸಿದರೆ 8.4. ಅದನ್ನು 8 ಅಂತ ಇಳಿಸಿದರೆ ತೆರಪು 26 ಸೆಂ.ಮೀ. ದಾಟುತ್ತೆ. ಹಾಗಾಗಿ 9ಕ್ಕೆ ಏರಿಸಬೇಕು, ತೆರಪು 23.3 ಆಗುತ್ತೆ. 12 ಮತ್ತು 9 ಕೂಡಿಸಿ ಎರಡರಷ್ಟು ಮಾಡಿ.

ತೊಂದರೆ ಇರುವುದು ‘25 ಸೆಂ.ಮೀ.ಗೆ ಒಂದರಂತೆ’ ಅನ್ನುವುದರಲ್ಲಿ. ಅದನ್ನು ಓದಿದವರು ಸುಮ್ನೆ ಭಾಗಿಸುತ್ತಾರೆ. ಮೂಲ ಹೇಳುತ್ತಿರುವುದು 25 ಮೀರಬಾರದು ಅಂತ. “ಪ್ರತಿ ಮೂಲೆಗೂ ಒಂದು ಕೊಕ್ಕೆ ಹಾಕಿ. ನಡುವೆ, ಯಾವ ಎರಡು ಕೊಕ್ಕೆಗಳ ತೆರಪೂ 25 ಸೆಂ.ಮೀ. ಮೀರದಂತೆ ಸಮವಾಗಿ ಹಂಚಿ.” ಹೀಗೆ ಬರೆಯಿರಿ.

ವೆಂಕಟೇಶ:
‘ತೆರಪು’ ಬಳಸಿದ್ದಕ್ಕೆ ಸಂತೋಷ. ಇನ್ನೂ ಚಿಕ್ಕದಾಗಿ ಹೇಳಬಹುದು: “ಗೇಣಿಗೊಂದು ಕೊಕ್ಕೆ”. ಗೇಣು ಅಂದರೆ ಒಂಬತ್ತು ಇಂಚು, ಸುಮಾರು 23 ಸೆಂ.ಮೀ. 25ರ ಒಳಗೇ ಇದೆ. ಅಳತೆ ಟೇಪು ಇಲ್ಲದವರಿಗೂ ಅರ್ಥವಾಗುತ್ತೆ.

ನಾಗರಾಜ್:
ಅಚ್ಚಾಗುವ ಹಾಳೆಯಲ್ಲಿ ಗೇಣು ಬೇಡ. ಎಲ್ಲರ ಕೈ ಒಂದೇ ಅಳತೆ ಅಲ್ಲ.

ಇಸ್ಮಾಯಿಲ್:
ನಮ್ಮ ಹುಡುಗರು ಮೊದಲ ಗುರುತು ಹಾಕುವುದು ಗೇಣಿನಲ್ಲೇ. ಆದರೆ ಹಾಳೆಯಲ್ಲಿ ಸೆಂ.ಮೀ. ಇರಲಿ.

ಬಲೆ, ಜಾಲರಿ ಎರಡೂ ಉಳಿಸಿಕೊಳ್ಳಿ ಮೇಡಂ, ಅವು ಬೇರೆಬೇರೆ ಸಾಮಾನು. ಬಲೆ ಮೆತ್ತಗೆ. ಅದರ ಸುತ್ತ ಒಂದು ಹಗ್ಗ ಪೋಣಿಸಿರುತ್ತಾರೆ, ಕೊಕ್ಕೆಗೆ ಸಿಕ್ಕಿಸುವುದು ಆ ಹಗ್ಗವನ್ನು. ಬಲೆಯ ತೂತಿಗೇ ಸಿಕ್ಕಿಸಿದರೆ ಭಾರವೆಲ್ಲ ಒಂದೇ ಎಳೆಯ ಮೇಲೆ ಬಿದ್ದು ಅಲ್ಲಿಂದ ಹರಿಯಲು ಶುರುವಾಗುತ್ತೆ. ತಂತಿ ಜಾಲರಿ ಗಟ್ಟಿ. ಅದನ್ನು ಚೌಕಟ್ಟಿಗೆ ಒತ್ತಿ ಹಿಡಿಯುವುದು ಕ್ಲಿಪ್. ಕೊಕ್ಕೆ ನೇತುಹಾಕುತ್ತೆ, ಕ್ಲಿಪ್ ಅಮುಕುತ್ತೆ. ಬಲೆಯ ಭಾಗದಲ್ಲಿ ಕೊಕ್ಕೆ ಅನ್ನಿ, ಜಾಲರಿಯ ಭಾಗದಲ್ಲಿ ಕ್ಲಿಪ್ಪನ್ನು ಮುಟ್ಟಬೇಡಿ.

ಶೋಭಾ:
ನಮ್ಮ ಉಡುಪಿ ಕಡೆ ಬಲೆಯ ತೂತಿಗೆ ‘ಕಣ್ಣು’ ಅಂತೇವೆ. ಹಾಳೆಯಲ್ಲೂ ‘ಕಣ್ಣಿಗೆ ಸಿಕ್ಕಿಸಬೇಡಿ’ ಅಂದರೆ ಚೆನ್ನಾಗಿರುತ್ತೆ.

ನಮ್ಮ ಮನೆಯಲ್ಲಿ ಬೆಕ್ಕು ಇದೆ, ಬಲೆ ಕಚ್ಚಿ ಕಚ್ಚಿ ತೂತು ಮಾಡಿದೆ. ಕೊಕ್ಕೆ ಜಾಸ್ತಿ ಹಾಕಿದರೆ ತಡೆಯುತ್ತಾ?

ಇಸ್ಮಾಯಿಲ್:
ಇಲ್ಲ ಮೇಡಂ. ಕೊಕ್ಕೆ ಹತ್ತಿರ ಆದರೆ ಅಂಚಿನ ಸಂದಿ ಕಮ್ಮಿ ಆಗುತ್ತೆ, ನೈಲಾನ್ ಎಳೆ ನೈಲಾನೇ. ಕಚ್ಚುವ ಬೆಕ್ಕಿಗೆ ತಂತಿ ಜಾಲರಿಯೇ ಬೇಕು.

ನಾಗರಾಜ್:
‘ಕಣ್ಣು’ ಒಳ್ಳೆಯ ಪದ. ಆದರೆ ಬೆಂಗಳೂರಿನ ಓದುಗರಿಗೆ ಸುಮ್ನೆ ‘ಕಣ್ಣಿಗೆ ಸಿಕ್ಕಿಸಬೇಡಿ’ ಅಂದರೆ ಗಾಬರಿ ಬೀಳುತ್ತಾರೆ. ‘ಬಲೆಯ ಕಣ್ಣಿಗೆ’ ಅನ್ನಿ.

ವೆಂಕಟೇಶ:
ಕ್ಲಿಪ್ ಉಳಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಒತ್ತಿ ಹಿಡಿಯುವುದು ‘ಒತ್ತುಗೊಂಡಿ’. ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟೇ ಕನ್ನಡದಲ್ಲಿ ಮನೆಯ ಸಾಮಾನಿಗೆ ಹೆಸರಿಲ್ಲದ ಹಾಗೆ ಆಗಿದೆ.

ನಾಗರಾಜ್:
ಅಂಗಡಿಗೆ ಹೋಗಿ ಒತ್ತುಗೊಂಡಿ ಕೇಳಿದರೆ ಯಾರೂ ಕೊಡಲ್ಲ. ಕುರ್ಚಿ ಅರಬ್ಬಿಯಿಂದ ಬಂತು, ಚಾವಿ ಪೋರ್ಚುಗೀಸರಿಂದ. ಬಾಲ್ಕನಿ ಇಂಗ್ಲಿಷಿಗೂ ಇಟಲಿಯಿಂದ ಹೋದ ಪದ. ಅವರು ಇಟ್ಟುಕೊಂಡರು, ನಾವೂ ಇಟ್ಟುಕೊಳ್ಳೋಣ.

ವೆಂಕಟೇಶ:
ಬಂದದ್ದೆಲ್ಲ ಉಳಿಯಲೇಬೇಕು ಅಂತ ಎಲ್ಲೂ ಇಲ್ಲ. ಚಾವಿ ಬಂದ ಮೇಲೂ ಬೀಗದ ಕೈ ಬದುಕಿದೆ.

ಗಿರಿಜಾ:
ಕೊಕ್ಕೆ, ಕ್ಲಿಪ್ ಎರಡೂ ಇಡುತ್ತೇನೆ, ಸಮಯ ಇಲ್ಲ. ಇನ್ನೆರಡು ಪ್ರಶ್ನೆ. ತಲೆಬರಹದಲ್ಲಿ ‘ಸುರಕ್ಷತಾ ಬಲೆ’ ಅಂತ ಹಾಕಲು ಹೇಳಿದ್ದಾರೆ. ಸರಿಯಾ? ಎರಡನೇ ಚಿತ್ರದಲ್ಲಿ ಕೆಳಗಡೆ ಕೊಕ್ಕೆ ಇಲ್ಲ, ಬಲೆಯನ್ನು ಕಂಬಿಯ ಪೈಪಿಗೆ ಸುತ್ತಿ ಕಟ್ಟಿದ್ದಾರೆ. ಅಗಲ, ಎತ್ತರ ಮೊದಲಿನಷ್ಟೇ. ಅದಕ್ಕೆ ಎಷ್ಟು?

ಇಸ್ಮಾಯಿಲ್:
ಎರಡನೆಯದಕ್ಕೆ ನಾಗರಾಜ್ ಸರ್ ಸೂತ್ರ ಸರಿಯಾಗಿ ಕೂರುತ್ತೆ. ಮೂರೇ ಬದಿ, ತುದಿಗಳು ಸೇರುವುದಿಲ್ಲ. 9, 12, 9 ಕೂಡಿದರೆ 30 ತೆರಪು, ಒಂದು ಕೂಡಿಸಿ 31 ಕೊಕ್ಕೆ. ಪೈಪಿಗೆ ಹಗ್ಗ ಸುತ್ತುವಾಗ ತೆರಪು ಇನ್ನೂ ಚಿಕ್ಕದಿರಲಿ, ಪೈಪಿನ ಮೇಲೆ ಹಗ್ಗ ಜಾರುತ್ತೆ.

ತಲೆಬರಹದ ವಿಷಯ ಯೋಚನೆ ಮಾಡಿ. ಪಾರಿವಾಳ ತಡೆಯುವ ತೆಳು ಬಲೆಗೂ ಅಂಗಡಿಯಲ್ಲಿ ಸುರಕ್ಷತೆ ಅನ್ನುವ ಹೆಸರು ಅಂಟಿಸುತ್ತಾರೆ. ಆ ಹೆಸರು ನಂಬಿ ಮಗು ಒರಗಿದರೂ ತಡೆಯುತ್ತೆ ಅಂದುಕೊಳ್ಳುವವರಿದ್ದಾರೆ. ಕೊಕ್ಕೆ ಕಾಂಕ್ರೀಟಿಗೆ ಹೋಗದೆ ಬರೀ ಗಾರೆಯಲ್ಲಿ ನಿಂತಿದ್ದರೆ ಕೈಯಲ್ಲಿ ಜಗ್ಗಿದರೂ ಪ್ಲಗ್ ಸಮೇತ ಕಿತ್ತು ಬರುತ್ತೆ. ಅಲ್ಲಿ 42 ಇದ್ದರೂ ಒಂದೇ. ಡ್ರಿಲ್ ಮಾಡುವಾಗ ಕೊನೆತನಕ ಮೆತ್ತಗೆ ಇಳಿದು ಪುಡಿ ಮಣ್ಣಿನ ಹಾಗೆ ಉದುರಿದರೆ ಗಾರೆ ಅಂತ ಗೊತ್ತಾಗುತ್ತೆ. ಜಾಗ ಬದಲಿಸಬೇಕು, ಇಲ್ಲ ಉದ್ದ ಪ್ಲಗ್ ಹಾಕಬೇಕು. ಯಾವ ಬಲೆ, ಎಷ್ಟು ಭಾರಕ್ಕೆ ಅಂತ ಮೂಲದಲ್ಲಿ ಬರೆದಿದೆಯಾ?

ಗಿರಿಜಾ:
ಭಾರದ ಮಾತು ಎಲ್ಲೂ ಇಲ್ಲ. ‘ಪಕ್ಷಿಗಳನ್ನು ತಡೆಯಲು’ ಅಂತ ಮಾತ್ರ ಇದೆ.

ಇಸ್ಮಾಯಿಲ್:
ಹಾಗಾದರೆ ‘ಪಾರಿವಾಳದ ಬಲೆ’ ಅಂತಲೇ ಹಾಕಿ.

ವೆಂಕಟೇಶ:
‘ಹಕ್ಕಿಬಲೆ’ ಸಾಕು.

ನಾಗರಾಜ್:
ಹಕ್ಕಿಬಲೆ ಅಂದರೆ ಹಕ್ಕಿ ಹಿಡಿಯುವ ಬಲೆ. ಇಲ್ಲಿ ಬೇಕಿರುವುದು ಅದರ ವಿರುದ್ಧ.

ಗಿರಿಜಾ:
‘ಪಾರಿವಾಳ ತಡೆಬಲೆ’ ಅಂತ ಕಳಿಸಿದೆ. ಸುರಕ್ಷತೆ ಪದ ಬಿಟ್ಟಿದ್ದಕ್ಕೆ ಕಾರಣವನ್ನೂ ಬರೆದಿದ್ದೇನೆ. ಒಪ್ಪುತ್ತಾರೋ ಇಲ್ಲವೋ ಸಂಜೆ ಗೊತ್ತಾಗುತ್ತೆ. ಎಲ್ಲರಿಗೂ ಧನ್ಯವಾದ.