‘ನೀವೇ ಹೇಳಿ ಸರ್’ ಎನ್ನುವವರ ಜೊತೆ ಗ್ರೋ ಮಾತುಕತೆ: ಮಾಡಿದವರ ಅನುಭವ ಬೇಕು

ಮಚ್ಛೆಯಿಂದ ಒಬ್ಬರು ಕೇಳಿದ್ದು: ನಮ್ಮ ಘಟಕದ ಕ್ವಾಲಿಟಿ ವಿಭಾಗದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಡಿಪ್ಲೊಮಾ ಆಗಿದೆ, ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಅವಳ ಮುಂದಿನ ದಾರಿಯ ಬಗ್ಗೆ ಗ್ರೋ ಮಾದರಿಯಲ್ಲಿ, ಅಂದರೆ ಗುರಿ, ವಾಸ್ತವ, ಆಯ್ಕೆಗಳು, ಸಂಕಲ್ಪ ಎಂಬ ನಾಲ್ಕು ಹಂತಗಳಲ್ಲಿ ಪ್ರಶ್ನೆ ಕೇಳುತ್ತ, ಮಾತನಾಡಲು ಕುಳಿತೆ. ಗುರಿ ಏನು ಎಂದರೆ ‘ನೀವೇ ಹೇಳಿ ಸರ್’ ಎಂದಳು. ಹತ್ತು ನಿಮಿಷಕ್ಕೆ ಇಬ್ಬರೂ ಸುಮ್ಮನಾದೆವು. ನಿಜವಾಗಿ ಕುಳಿತು ಮಾತನಾಡಿಸಿದವರು ಹೇಗೆ ನಡೆಸಿದಿರಿ?

ಉದ್ಯಮಬಾಗದ ಶಾಪ್ ಇನ್‌ಚಾರ್ಜ್: ನನ್ನದನ್ನು ಹೇಳುತ್ತೇನೆ, ಬೇಕಾದದ್ದನ್ನು ಆರಿಸಿಕೊಳ್ಳಿ. ನಮ್ಮದು ನಲವತ್ತು ಜನರ ಮಷಿನ್ ಶಾಪ್. ಆರು ವರ್ಷದಿಂದ ಸಿಎನ್‌ಸಿ ಲೇಥ್ ನಡೆಸುತ್ತಿದ್ದ ಐಟಿಐ ಹುಡುಗನೊಬ್ಬ ಬಂದು, ‘ಸೂಪರ್‌ವೈಸರ್ ಮಾಡದಿದ್ದರೆ ಪುಣೆಗೆ ಹೋಗುತ್ತೇನೆ’ ಎಂದ. ಮೊದಲ ಸಲ ನಾಲ್ಕೇ ನಿಮಿಷದಲ್ಲಿ ಉಪದೇಶ ಮಾಡಿ ಕಳಿಸಿದೆ. ಅವನು ತಲೆಯಾಡಿಸಿ ಹೋದ, ಏನೂ ಆಗಲಿಲ್ಲ. ಎರಡನೆಯ ಸಲ ಚಹಾ ತರಿಸಿ, ಮೊಬೈಲ್ ಡ್ರಾವರಿನಲ್ಲಿಟ್ಟು ಕುಳಿತೆ. ಅವತ್ತು ನಡೆದದ್ದು ಹೆಚ್ಚುಕಡಿಮೆ ಹೀಗೆ.

‘ಈ ಅರ್ಧ ಗಂಟೆ ಮುಗಿಯುವಾಗ ನಿನ್ನ ಕೈಯಲ್ಲಿ ಏನಿರಬೇಕು?’
‘ಸೂಪರ್‌ವೈಸರ್ ಹುದ್ದೆ ಯಾವಾಗ ಸಿಗುತ್ತದೆ ಎಂದು ಗೊತ್ತಾಗಬೇಕು ಸರ್.’
‘ಅದು ಮಾಲೀಕರ ಕೈಯಲ್ಲಿದೆ, ನನ್ನ ಕೈಯಲ್ಲೂ ಇಲ್ಲ. ಒಂದು ವರ್ಷ ಕಳೆದಿದೆ ಎಂದುಕೊ. ಬೆಳಿಗ್ಗೆ ಶಿಫ್ಟಿಗೆ ಬಂದವನು ಯಾವ ಕೆಲಸ ಮಾಡುತ್ತಿದ್ದರೆ ನಿನಗೆ ಖುಷಿ?’

ಇಲ್ಲಿ ಅವನು ಎಷ್ಟು ಹೊತ್ತು ಸುಮ್ಮನಿದ್ದ ಎಂದರೆ ನನಗೆ ಕಂಪ್ರೆಸರ್ ಸದ್ದು ಕೇಳಿಸತೊಡಗಿತು. ಬಾಯಿ ಬಿಡಬಾರದು ಎಂದು ಚಹಾ ಕುಡಿದೆ. ಆಮೇಲೆ ಅವನು ಹೇಳಿದ್ದು: ‘ಡ್ರಾಯಿಂಗ್ ಕೊಟ್ಟರೆ ಯಾರನ್ನೂ ಕೇಳದೆ ಪ್ರೋಗ್ರಾಂ ಬರೆದು ಮೊದಲ ಪೀಸ್ ಪಾಸ್ ಮಾಡಿಸಬೇಕು.’ ನೋಡಿ, ಸೂಪರ್‌ವೈಸರ್ ಎನ್ನುವುದು ಅವನ ಬಯಕೆಯೇ ಆಗಿರಲಿಲ್ಲ. ದೊಡ್ಡವನಾಗುವುದಕ್ಕೆ ನಮ್ಮ ಶಾಪಿನಲ್ಲಿ ಇರುವ ಒಂದೇ ಹೆಸರು ಅದು, ಅದಕ್ಕೇ ಹಾಗೆಂದಿದ್ದ. ದೀಪಾವಳಿಯೊಳಗೆ ಮೂರು ಹೊಸ ಪಾರ್ಟ್‌ಗಳ ಪ್ರೋಗ್ರಾಂ ತಾನೇ ಬರೆಯುವುದು ಎಂದು ಅವನೇ ಗುರಿ ಕಟ್ಟಿದ. ಆಗ ಜೂನ್ ತಿಂಗಳು.

‘ಪ್ರೋಗ್ರಾಂ ಬರೆಯಲು ಈಗ ಎಷ್ಟು ಬರುತ್ತದೆ?’
‘ಬರುತ್ತದೆ ಸರ್.’
‘ಕಳೆದ ಮೂರು ತಿಂಗಳಲ್ಲಿ ಖಾಲಿ ಹಾಳೆಯಿಂದ ಎಷ್ಟು ಬರೆದಿದ್ದೀಯ?’
‘... ಒಂದೂ ಇಲ್ಲ. ಆಫ್‌ಸೆಟ್ ತಿದ್ದುತ್ತೇನೆ, ಫೀಡ್ ಬದಲಿಸುತ್ತೇನೆ.’
‘ಬರೆಯಲು ಕುಳಿತರೆ ಎಲ್ಲಿ ನಿಲ್ಲುತ್ತದೆ?’
‘ನೇರ ಟರ್ನಿಂಗ್ ಆಗುತ್ತದೆ. ಟೇಪರ್, ರೇಡಿಯಸ್ ಬಂದರೆ ಅಳತೆ ತಪ್ಪುತ್ತದೆ. G41, G42 ಎಲ್ಲಿ ಹಾಕಬೇಕೋ ತಿಳಿಯುವುದಿಲ್ಲ.’

‘ಯಾಕೆ ಕಲಿಯಲಿಲ್ಲ’ ಎಂದು ಕೇಳಿದ್ದರೆ ಸಮರ್ಥನೆ ಶುರುವಾಗುತ್ತಿತ್ತು. ‘ಎಷ್ಟು’, ‘ಎಲ್ಲಿ’ ಎಂದು ಕೇಳಿದ್ದರಿಂದ ಟೂಲ್ ತುದಿಯ ರೇಡಿಯಸ್ ಸಿಕ್ಕಿತು; ಅದನ್ನು ಲೆಕ್ಕಕ್ಕೆ ಹಿಡಿ ಎಂದು ಯಂತ್ರಕ್ಕೆ ಹೇಳುವ ಕೋಡ್‌ಗಳೇ G41, G42. ಅಷ್ಟೇ ಗಂಟು.

ಮುಂದೆ ಏನೇನು ಮಾಡಬಹುದು ಎಂದಾಗ ಮೊದಲು ಬಂದದ್ದು ಪುಣೆಯ ಕೋರ್ಸ್. ಎರಡನೆಯದು ಪ್ರೋಗ್ರಾಮರ್ ಪಕ್ಕದಲ್ಲಿ ಕೂರುವುದು. ‘ಇನ್ನೇನು?’ ಎಂದೆ, ಇಲ್ಲ ಎಂದ. ಮತ್ತೆ ‘ಇನ್ನೇನು?’ ಎಂದೆ. ಮೂರನೆಯ ಸಲ ಕೇಳಿದಾಗ, ‘ಈಗ ಓಡುತ್ತಿರುವ ಪಾರ್ಟಿನ ಹಳೆಯ ಡ್ರಾಯಿಂಗ್ ತೆಗೆದುಕೊಂಡು ನಾನೇ ಬರೆದು, ಮಷಿನ್‌ನಲ್ಲಿರುವ ಪ್ರೋಗ್ರಾಂ ಜೊತೆ ಹೋಲಿಸಿ ನೋಡಬಹುದಲ್ಲ’ ಎಂದ. ನನ್ನ ತಲೆಯಲ್ಲಿ ಅದಿರಲಿಲ್ಲ. ‘ನನ್ನದೂ ಒಂದಿದೆ, ಹೇಳಲೇ?’ ಎಂದು ಕೇಳಿ, ಮಷಿನ್‌ನ ಗ್ರಾಫಿಕ್ ಪರದೆಯಲ್ಲಿ ಓಡಿಸಿ ನೋಡು ಎಂದೆ.

ಕೊನೆಗೆ ‘ಪ್ರಯತ್ನಿಸುತ್ತೇನೆ ಸರ್’ ಎಂದ. ನಮ್ಮ ಕಡೆ ಅದರ ಅರ್ಥ ‘ಆಗುವುದಿಲ್ಲ’ ಎಂದು ನಿಮಗೂ ಗೊತ್ತು. ‘ಮಾಡಿಯೇ ತೀರುತ್ತೇನೆ ಎನ್ನುವುದು ಹತ್ತಾದರೆ ನೀನು ಎಷ್ಟರಲ್ಲಿದ್ದೀಯ?’ ಎಂದೆ. ಐದು ಎಂದ. ‘ಎಂಟಾಗಲು ಏನು ಬದಲಾಗಬೇಕು?’ ಎಂದೆ. ದಿನಕ್ಕೊಂದು ಡ್ರಾಯಿಂಗ್ ಎಂದಿದ್ದವನು ವಾರಕ್ಕೊಂದಕ್ಕೆ ಇಳಿದ. ಗುರುವಾರ, ಎರಡನೆಯ ಶಿಫ್ಟಿಗೆ ಮುಂಚೆ ಒಂದು ಗಂಟೆ. ಪ್ರೋಗ್ರಾಮರ್ ಒಪ್ಪಿಗೆ ಯಾರು ಕೇಳಬೇಕು ಎಂದರೆ ‘ನಾನೇ ಕೇಳುತ್ತೇನೆ’ ಎಂದ. ಎಂಟು ಬಂತು. ಹದಿನೈದು ದಿನಕ್ಕೆ ಮತ್ತೆ ಕೂರುವುದೆಂದು ನಿಗದಿ ಮಾಡಿದೆವು.

ಹಾಳು ಮಾಡಿದ್ದು ನಾನೇ. ಮೂರನೆಯ ವಾರ ಅರ್ಜೆಂಟ್ ಆರ್ಡರ್ ಬಂತು, ಅವನಿಗೆ ಎರಡೆರಡು ಶಿಫ್ಟ್ ಹಾಕಿದೆ, ಎರಡು ಗುರುವಾರ ಹೋದವು. ಆಗಸ್ಟ್‌ನಲ್ಲಿ ಮೊದಲ ಪ್ರೋಗ್ರಾಂ ಓಡಿಸಿದಾಗ ಟೂಲ್ ಹೋಗಿ ಗುದ್ದಿತು. Z5. ಎಂದು ಬರೆಯುವ ಕಡೆ ಚುಕ್ಕಿ ಬಿಟ್ಟು Z5 ಎಂದು ಬರೆದಿದ್ದ. ನಮ್ಮ ಕಂಟ್ರೋಲ್ ಚುಕ್ಕಿ ಇಲ್ಲದ ಅಂಕಿಯನ್ನು ಮೈಕ್ರಾನ್ ಎಂದು ಓದುತ್ತದೆ. ಐದು ಮಿಲಿಮೀಟರ್ ದೂರ ನಿಲ್ಲಬೇಕಾದ ಟೂಲ್ ಪೂರ್ತಿ ವೇಗದಲ್ಲಿ ಕಾಸ್ಟಿಂಗ್ ಮುಖಕ್ಕೇ ಹೋಯಿತು. ಗ್ರಾಫಿಕ್ ಪರದೆಯಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇನ್ಸರ್ಟ್ ₹380, ಹೋಲ್ಡರ್ ₹2,900, ಟರೆಟ್ ಅಲೈನ್ ಮಾಡಿದ ಮೆಕ್ಯಾನಿಕ್‌ಗೆ ₹4,500, ಹನ್ನೆರಡು ತಾಸು ಯಂತ್ರ ನಿಂತದ್ದಕ್ಕೆ ₹4,200. ಒಟ್ಟು ₹11,980. ‘ಉದ್ದುದ್ದ ಮಾತನಾಡಿಸಿದ್ದಕ್ಕೆ ಬಿಲ್ಲು ಬಂತಲ್ಲ’ ಎಂದು ಮಾಲೀಕರು ಅಂದದ್ದು ಇನ್ನೂ ಕಿವಿಯಲ್ಲಿದೆ.

ವಿಜಯಪುರದ ಸೊಸೈಟಿ ಮ್ಯಾನೇಜರ್: ಅಣ್ಣನವರೆ, ನೀವು ಮಾಡಿದ್ದರಲ್ಲಿ ಎರಡು ತಪ್ಪಿವೆ. ಮೊದಲು ವಾಸ್ತವ ಕೇಳಬೇಕಿತ್ತು, ಆಮೇಲೆ ಗುರಿ. ಎಲ್ಲಿ ನಿಂತಿದ್ದೇನೆ ಎಂದು ತಿಳಿಯದವನು ಎಲ್ಲಿಗೆ ಹೋಗುತ್ತಾನೆ? ಎರಡನೆಯದು, ಕೋಚ್ ಆದವರು ಸಲಹೆ ಕೊಡಲೇಬಾರದು. ನಾನು ಇದನ್ನು ದುಡ್ಡು ಕೊಟ್ಟು ಕಲಿತಿದ್ದೇನೆ. ಎರಡು ದಿನದ ತರಬೇತಿಗೆ ₹6,500, ವಸತಿಗೆ ₹2,400, ಬಸ್ಸು ಮತ್ತು ಊಟಕ್ಕೆ ₹1,100. ಒಟ್ಟು ಹತ್ತು ಸಾವಿರ, ಅದಕ್ಕೂ ಆಡಿಟ್‌ನವರು ತಕರಾರು ತೆಗೆದರು. ನಮ್ಮ ಸಾಲ ವಸೂಲಿಯ ಹುಡುಗನನ್ನು ಹೀಗೇ ಕೂರಿಸಿ, ಈಗಿನ ಪರಿಸ್ಥಿತಿ ಏನಪ್ಪ ಎಂದು ಕೇಳಿದೆ. ನಲವತ್ತು ನಿಮಿಷ ಹೇಳಿದ. ದ್ರಾಕ್ಷಿಗೆ ದರವಿಲ್ಲ, ಗಾಡಿಗೆ ಪೆಟ್ರೋಲ್ ಭತ್ಯೆ ಸಾಲದು, ರೈತರು ಫೋನ್ ಎತ್ತುವುದಿಲ್ಲ. ಕೊನೆಗೆ ಗುರಿ ಕೇಳಿದರೆ ‘ಈ ವರ್ಷ ಹೇಗೋ ಕಳೆದರೆ ಸಾಕು ಮೇಡಂ’ ಎಂದ.

ಉದ್ಯಮಬಾಗದ ಶಾಪ್ ಇನ್‌ಚಾರ್ಜ್: ಅಕ್ಕಾವರೆ, ನಿಮ್ಮ ಪ್ರಶ್ನೆಗೆ ನಿಮ್ಮ ಹುಡುಗನೇ ಉತ್ತರ ಕೊಟ್ಟಿದ್ದಾನೆ. ನಲವತ್ತು ನಿಮಿಷ ಕಷ್ಟ ಹೇಳಿದವನಿಗೆ ಅಷ್ಟೇ ಸಣ್ಣ ಗುರಿ ಕಾಣುತ್ತದೆ. ಈ ಮಾದರಿಯನ್ನು ಜನಪ್ರಿಯಗೊಳಿಸಿದ ಜಾನ್ ವಿಟ್ಮೋರ್ ಗುರಿಯನ್ನು ಮುಂದಿಟ್ಟದ್ದು ಇದೇ ಕಾರಣಕ್ಕೆ. ವಾಸ್ತವ ನೋಡಿದ ಮೇಲೆ ಗುರಿಗೆ ಹಿಂತಿರುಗಿ ತಿದ್ದಬಾರದು ಎಂದು ಯಾರೂ ಹೇಳಿಲ್ಲ, ನಾವೂ ತಿದ್ದಿದೆವು. ಸಲಹೆಯ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ. ಅವನದು ಮುಗಿಯುವ ಮುಂಚೆ ಕೊಡಬಾರದು. G41 ಗೊತ್ತೇ ಇಲ್ಲದವನಿಗೆ ‘ನಿನಗೇನು ಅನಿಸುತ್ತದೆ’ ಎಂದು ಹತ್ತು ಸಲ ಕೇಳಿದರೂ G41 ಹೊಳೆಯುವುದಿಲ್ಲ. ಅದನ್ನು ಕಲಿಸಬೇಕು. ಪೆಟ್ರೋಲ್ ಭತ್ಯೆಯೂ ಹಾಗೆಯೇ, ಅದನ್ನು ಮ್ಯಾನೇಜರ್ ಮಂಜೂರು ಮಾಡಬೇಕು.

ವಿಜಯಪುರದ ಸೊಸೈಟಿ ಮ್ಯಾನೇಜರ್: ಭತ್ಯೆ ಆಡಳಿತ ಮಂಡಳಿಯ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ. ಮಾಲೀಕರ ಹೆಸರು ಹೇಳಿ ನೀವು ಜಾರಿಕೊಂಡರೆ ಅದು ಕೋಚಿಂಗ್, ನಾನು ಹೇಳಿದರೆ ತಪ್ಪು!

ಇಳಕಲ್‌ನ ಅಂಗಡಿಯವರು: ಇಷ್ಟೆಲ್ಲ ಮಾತುಕತೆ ಯಾಕೆ? ಹುಡುಗಿ ಬಿಟ್ಟು ಹೋಗಬಾರದು, ಅಷ್ಟೇ ತಾನೆ ನಿಮ್ಮ ಚಿಂತೆ? ಸೇರಿಸಿಕೊಳ್ಳುವಾಗಲೇ ಎರಡು ವರ್ಷದ ಬಾಂಡ್ ಬರೆಸಿ, ಅಂಕಪಟ್ಟಿಯ ಮೂಲ ಪ್ರತಿ ನಿಮ್ಮ ಕಪಾಟಿನಲ್ಲಿಡಿ. ನಮ್ಮಲ್ಲಿ ಸೀರೆ ಲೆಕ್ಕ ಬರೆಯುವವನು ಎರಡು ಸೀಸನ್ ಕಲಿತು ಎದುರಿನ ಅಂಗಡಿಗೆ ಹೋದ. ಶ್ರಾವಣದ ವ್ಯಾಪಾರ ಅರ್ಧ ಅವನ ಹಿಂದೆ ಹೋಯಿತು.

ಬಾಗಲಕೋಟೆಯ ಕೆಮಿಸ್ಟ್: ಅಂಕಪಟ್ಟಿ ಹಿಡಿದಿಟ್ಟುಕೊಳ್ಳುವುದು ಜಂಬದ ವಿಷಯವೇ? ನಿಮ್ಮಂಥವರಿಂದಲೇ ಜನ ಬಿಡುವುದು.

ನಾನು ಮೇಜಿನ ಆಚೆ ಬದಿ ಕುಳಿತವನು, ಅಲ್ಲಿಂದ ಹೇಳುತ್ತೇನೆ. ಸಕ್ಕರೆ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿದ್ದೆ. ಸಾಹೇಬರು ಬಹಳ ಪ್ರೀತಿಯಿಂದ ಕೂರಿಸಿ ‘ನಿನ್ನನ್ನು ನೀನು ಹತ್ತರಲ್ಲಿ ಎಷ್ಟಕ್ಕೆ ಇಡುತ್ತೀಯ’ ಎಂದರು. ಪ್ರಾಮಾಣಿಕವಾಗಿ ನಾಲ್ಕು ಎಂದೆ. ರಾತ್ರಿ ಪಾಳಿಯಲ್ಲಿ ರಸದ ಪಿಎಚ್ ಓದುವಾಗ ಒಮ್ಮೊಮ್ಮೆ ಅನುಮಾನ ಬರುತ್ತದೆ ಎಂದೂ ಹೇಳಿದೆ. ಏಪ್ರಿಲ್‌ನಲ್ಲಿ ವಾರ್ಷಿಕ ಮೌಲ್ಯಮಾಪನದ ಹಾಳೆಯಲ್ಲಿ ಬರೆದಿದ್ದರು: ‘ಆತ್ಮವಿಶ್ವಾಸದ ಕೊರತೆ, ಸ್ವತಃ ಒಪ್ಪಿಕೊಂಡಿದ್ದಾರೆ.’ ಆ ವರ್ಷದ ಹೆಚ್ಚಳ ತಿಂಗಳಿಗೆ ₹600. ಜೊತೆಯವರಿಗೆ ₹1,800. ಹನ್ನೆರಡು ತಿಂಗಳಿಗೆ ₹14,400 ವ್ಯತ್ಯಾಸ, ಮುಂದಿನ ವರ್ಷದ ಹೆಚ್ಚಳವೂ ಆ ಕಡಿಮೆ ಸಂಬಳದ ಮೇಲೆಯೇ. ಮಚ್ಛೆಯವರೆ, ಆ ಹುಡುಗಿ ‘ನೀವೇ ಹೇಳಿ’ ಎಂದರೆ ಅವಳಿಗೆ ಗುರಿ ಇಲ್ಲ ಎಂದುಕೊಳ್ಳಬೇಡಿ. ನಿಮ್ಮ ಎದುರು ಹೇಳಿದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲ.

ಉದ್ಯಮಬಾಗದ ಶಾಪ್ ಇನ್‌ಚಾರ್ಜ್: ನಿಮಗಾದದ್ದು ಅನ್ಯಾಯ. ಆದರೆ ಅದು ಆ ಸಾಹೇಬರ ತಪ್ಪು, ಮಾದರಿಯದ್ದಲ್ಲ. ಅವತ್ತು ನಾನು ಒಂದಕ್ಷರ ಬರೆದುಕೊಳ್ಳಲಿಲ್ಲ. ಹುಡುಗನೇ ತನ್ನ ಡೈರಿಯಲ್ಲಿ ಎರಡು ಸಾಲು ಬರೆದುಕೊಂಡ, ಡೈರಿ ಅವನ ಹತ್ತಿರವೇ ಇತ್ತು.

ಬಾಗಲಕೋಟೆಯ ಕೆಮಿಸ್ಟ್: ಡೈರಿ ಅವನ ಹತ್ತಿರ ಇರಬಹುದು, ‘ಒಂದೂ ಬರೆದಿಲ್ಲ’ ಎಂದದ್ದು ನಿಮ್ಮ ತಲೆಯಲ್ಲಿ ಇದೆಯಲ್ಲ? ಸಂಬಳ ಹೆಚ್ಚಿಸುವ ಸಮಯದಲ್ಲಿ ಅದನ್ನು ಮರೆತಿರಾ?

ಉದ್ಯಮಬಾಗದ ಶಾಪ್ ಇನ್‌ಚಾರ್ಜ್: ಮರೆತೆ ಎಂದರೆ ಸುಳ್ಳಾಗುತ್ತದೆ.

ಇಳಕಲ್‌ನ ಅಂಗಡಿಯವರು: ಅದಿರಲಿ, ಹನ್ನೆರಡು ಸಾವಿರ ಕಳೆದು ಕಲಿಸಿದಿರಲ್ಲ, ಹುಡುಗ ಈಗ ಎಲ್ಲಿದ್ದಾನೆ?

ಉದ್ಯಮಬಾಗದ ಶಾಪ್ ಇನ್‌ಚಾರ್ಜ್: ದೀಪಾವಳಿಗೆ ಮೂರರಲ್ಲಿ ಎರಡು ಪಾರ್ಟ್ ಆದವು, ಮೂರನೆಯದು ಸಂಕ್ರಾಂತಿಗೆ. ಮುಂದಿನ ವರ್ಷ ಪುಣೆಗೆ ಹೋದ.

ಇಳಕಲ್‌ನ ಅಂಗಡಿಯವರು: ಬಾಂಡ್ ಬರೆಸಬೇಕಿತ್ತು ಎಂದದ್ದು ಇದಕ್ಕೇ.

ಉದ್ಯಮಬಾಗದ ಶಾಪ್ ಇನ್‌ಚಾರ್ಜ್: ಎರಡು ತಿಂಗಳು ಮುಂಚೆಯೇ ನನಗೆ ಹೇಳಿ, ಪ್ರೋಗ್ರಾಮರ್ ಎಂದೇ ಸೇರಿ ಹೋದ ಸ್ವಾಮಿ. ಕಪಾಟಿನಲ್ಲಿ ಅವನ ಅಂಕಪಟ್ಟಿ ಇಟ್ಟಿದ್ದರೆ ರಾತ್ರೋರಾತ್ರಿ ಹೋಗುತ್ತಿದ್ದ.

ವಿಜಯಪುರದ ಸೊಸೈಟಿ ಮ್ಯಾನೇಜರ್: ಆದರೂ ಹೋದನಲ್ಲ.

ಮಚ್ಛೆಯಿಂದ ಕೇಳಿದವರು: ಎಲ್ಲ ಓದಿದೆ. ಕೆಮಿಸ್ಟ್ ಸಾಹೇಬರ ಮಾತು ಚುಚ್ಚಿತು, ಏಕೆಂದರೆ ಅವಳ ಮೌಲ್ಯಮಾಪನ ಬರೆಯುವವನೂ ನಾನೇ. ಅದನ್ನು ಮೊದಲೇ ಹೇಳಿ, ಅವತ್ತಿನ ಮಾತು ಹಾಳೆಗೆ ಹೋಗುವುದಿಲ್ಲ ಎಂದು ಹೇಳಿ ಶುರು ಮಾಡಿದರೆ ನಂಬುತ್ತಾಳೆಯೇ?

ಬಾಗಲಕೋಟೆಯ ಕೆಮಿಸ್ಟ್: ನಾನಾಗಿದ್ದರೆ ಮೊದಲ ಸಲ ನಂಬುತ್ತಿರಲಿಲ್ಲ. ಏಪ್ರಿಲ್ ಕಳೆಯಲಿ, ಆ ಹಾಳೆ ನೋಡಿದ ಮೇಲೆ ಕೂರಿಸಿ.

ಉದ್ಯಮಬಾಗದ ಶಾಪ್ ಇನ್‌ಚಾರ್ಜ್: ಏಪ್ರಿಲ್‌ವರೆಗೆ ಕಾಯಬೇಡಿ. ಬೇರೆ ವಿಭಾಗದ ಹಿರಿಯರೊಬ್ಬರನ್ನು ಕೂರಿಸಿ. ‘ಗುರಿ ಏನು’ ಎಂಬ ಮಾತನ್ನೇ ಆಡಬೇಡಿರಿ. ಕಳೆದ ತಿಂಗಳಲ್ಲಿ ಯಾವ ದಿನ ಕೆಲಸ ಮುಗಿದದ್ದೇ ಗೊತ್ತಾಗಲಿಲ್ಲ ಎಂದು ಕೇಳಿಸಿ ನೋಡಿ.