ದುಭಾಷಿಯೋ ಅನುವಾದಕರೋ? ಜಪಾನಿನ ಅತಿಥಿಗಳ ಸಭೆಗೆ ಬರೆಯುವ ಕೋರಿಕೆ ಪತ್ರ

ಶಿಡ್ಲಘಟ್ಟದಿಂದ, ಸಂಘವೊಂದರ ಕಾರ್ಯದರ್ಶಿ:

ಮಾನ್ಯರೇ, ನಮ್ಮ ನೂಲು ಬಿಚ್ಚಾಣಿಕೆದಾರರ ಸಂಘಕ್ಕೆ ಮುಂದಿನ ತಿಂಗಳು ಜಪಾನಿನ ರೇಷ್ಮೆ ತಂತ್ರಜ್ಞರ ತಂಡವೊಂದು ಬರುತ್ತಿದೆ. ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೆ, ನಮ್ಮ ಸದಸ್ಯರಿಗೂ ಅಷ್ಟಕ್ಕಷ್ಟೆ. ಬೆಂಗಳೂರಿನ ಭಾಷಾ ಸಂಸ್ಥೆಯೊಂದಕ್ಕೆ ಈ ಕರಡು ಬರೆದಿದ್ದೇನೆ: “ಎರಡು ಗಂಟೆಗಳ ಸಭೆಗೆ ಒಬ್ಬ ಅನುವಾದಕರನ್ನು ಕಳುಹಿಸಿಕೊಡಬೇಕಾಗಿ ಕೋರಿಕೆ. ವಿಷಯ: ರೇಷ್ಮೆ.” ಅನುವಾದಕರು ಎಂದರೆ ಪುಸ್ತಕ ಅನುವಾದಿಸುವವರು ಎಂದು ತಿಳಿದುಕೊಳ್ಳುತ್ತಾರೆ ಎನ್ನುವುದು ಅಧ್ಯಕ್ಷರ ಆಕ್ಷೇಪ. ‘ದುಭಾಷಿ’ ಎಂದು ಬರೆದರೆ ಸರಿಹೋಗುತ್ತದೆಯೇ?

ಧಾರವಾಡದಿಂದ, ನಿವೃತ್ತ ಅಧ್ಯಾಪಕರು:

‘ದುಭಾಷಿ’ ಬೇಡ. ಕಂಪನಿ ಕಾಲದಲ್ಲಿ ದುಭಾಷಿ ಎಂದರೆ ದಲ್ಲಾಳಿ. ಪುದುಚೇರಿಯಲ್ಲಿ ಫ್ರೆಂಚ್ ಗವರ್ನರ್ ಡೂಪ್ಲೆಗೆ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ ವ್ಯಾಪಾರಿಯೂ ಆಗಿದ್ದರು. ‘ಅನುವಾದಕ’ ಎಂಬುದೇ ಗೌರವದ ಮಾತು.

ಮಂಗಳೂರಿನಿಂದ, ಆಸ್ಪತ್ರೆಯ ದಾದಿ:

ನಮ್ಮಲ್ಲಿಗೆ ಬಂಗಾಳಿ ಮಾತನಾಡುವ ರೋಗಿಗಳು ಬರುತ್ತಾರೆ. ಜೊತೆಗೆ ಬಂದ ನೆಂಟರೇ ನಡುವೆ ನಿಂತು ಹೇಳುತ್ತಾರೆ, ಕಾಯಿಲೆಯ ಅರ್ಧ ವಿಷಯವನ್ನು ಮುಚ್ಚಿಡುತ್ತಾರೆ. ಅವರಿಗೆ ಏನೆನ್ನಬೇಕು? ನೀವು ಹೇಳಬೇಕಾದ್ದನ್ನು ಕರಪತ್ರವಾಗಿ ಬರೆದು ಜಪಾನಿ ಭಾಷೆಗೆ ಅನುವಾದಿಸಿಕೊಟ್ಟರೆ ಸಾಲದೇ?

ಮೈಸೂರಿನಿಂದ, ಸಭೆಗಳಲ್ಲಿ ಜಪಾನಿ ಮಾತನ್ನು ಇಂಗ್ಲಿಷಿಗೆ ತರುವವರು:

ಕರಪತ್ರ ಸಾಲದು, ಅಕ್ಕ. ಅವರು ಪ್ರಶ್ನೆ ಕೇಳುತ್ತಾರಲ್ಲ. ಅಧ್ಯಾಪಕರು ಹೇಳಿದ ಚರಿತ್ರೆ ನಿಜವೇ, ಆದರೆ ಇಂದಿನ ಪತ್ರಿಕೆಗಳಲ್ಲಿ ‘ದುಭಾಷಿ’ ಎಂದರೆ ಮಾತನ್ನು ಮಾತಿನಲ್ಲೇ ದಾಟಿಸುವವರು. ಧಾರಾಳವಾಗಿ ಬರೆಯಿರಿ. ನನಗೆ ಚಿಂತೆ ತಂದದ್ದು ಆ ಪದವಲ್ಲ, ‘ಎರಡು ಗಂಟೆ’ ಮತ್ತು ‘ವಿಷಯ: ರೇಷ್ಮೆ’ ಎಂಬ ಮಾತುಗಳು.

ಒಬ್ಬರು ಮಾತು ನಿಲ್ಲಿಸಿದ ಮೇಲೆ ದುಭಾಷಿ ಹೇಳುವ ಕ್ರಮದಲ್ಲಿ ಎರಡು ಗಂಟೆಯ ಸಭೆಗೆ ಒಂದೇ ಗಂಟೆಯ ವಿಷಯ ಹಿಡಿಸುತ್ತದೆ. ಜಪಾನಿ ಮತ್ತು ಕನ್ನಡ ಎರಡನ್ನೂ ಬಲ್ಲವರು ಸಿಗುವುದು ಕಷ್ಟ. ಹೆಚ್ಚಾಗಿ ನನ್ನಂಥವರು ಇಂಗ್ಲಿಷಿಗೆ ತಂದದ್ದನ್ನು ಮತ್ತೊಬ್ಬರು ಕನ್ನಡಕ್ಕೆ ತರುತ್ತಾರೆ. ಆಗ ಉಳಿಯುವುದು ನಲವತ್ತು ನಿಮಿಷದಷ್ಟೇ. ಹಾಗಾಗಿ ಯಾವ ಭಾಷೆಯಿಂದ ಯಾವುದಕ್ಕೆ, ಎಷ್ಟು ಜನ ಮಾತನಾಡುತ್ತಾರೆ, ಯಂತ್ರದ ಸದ್ದಿರುವ ಶೆಡ್ಡಿಗೂ ಹೋಗುವುದಿದೆಯೇ, ಇಷ್ಟನ್ನೂ ತಿಳಿಸಿ. ನೇರವಾಗಿ ದಾಟಿಸುವವರು ಸಿಕ್ಕರೆ ಬಿಡಬೇಡಿ. ಕನ್ನಡದಂತೆ ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ಇಂಗ್ಲಿಷ್ ನಡುವೆ ಬಂದರೆ ವಾಕ್ಯವನ್ನು ಎರಡು ಸಲ ತಿರುವಿಹಾಕಬೇಕು.

ಇನ್ನು ವಿಷಯ. ‘ರೇಷ್ಮೆ’ ಎಂದಷ್ಟೇ ಓದಿದವರು ಸೀರೆಯ ಪದಗಳನ್ನು ಕಲಿತು ಬಂದಾರು. ನಿಮ್ಮ ಸಭೆಯಲ್ಲಿ ‘ರೆಂಡಿಟ್ಟಾ’ ಬಂದೇ ಬರುತ್ತದೆ. ಒಂದು ಕಿಲೋ ನೂಲಿಗೆ ಏಳು ಕಿಲೋ ಗೂಡು ಬೇಕಾಯಿತು ಎಂದು ನೀವು ಹೇಳುತ್ತೀರಿ. ಅವರು ಅದನ್ನೇ ತಿರುಗಿಸಿ, ಗೂಡಿನ ತೂಕದಲ್ಲಿ ನೂಲು ಶೇಕಡಾ ಎಷ್ಟು ಎಂದು ಕೇಳುತ್ತಾರೆ. ಏಳು ಎಂದರೆ ಅವರ ಲೆಕ್ಕದಲ್ಲಿ ಸುಮಾರು ಶೇಕಡಾ 14. ನಿಮಗೆ ಅಂಕಿ ಇಳಿದಷ್ಟೂ ಒಳ್ಳೆಯದು, ಅವರಿಗೆ ಏರಿದಷ್ಟೂ. ಇದು ದುಭಾಷಿಗೆ ಮೊದಲೇ ತಿಳಿಯದಿದ್ದರೆ ‘ಏಳು’ ಎಂಬುದು ಶೇಕಡಾ ಏಳಾಗಿ, ಅತಿಥಿಗಳು ಗಾಬರಿಯಾದಾರು. ದೊಡ್ಡ ಸಂಖ್ಯೆಗಳಲ್ಲೂ ಇಂಥದೇ ತೊಡಕಿದೆ. ಅವರು ಎಣಿಸುವುದು ಹತ್ತು ಸಾವಿರದ ‘ಮಾನ್’ ಲೆಕ್ಕದಲ್ಲಿ, ನಮ್ಮ ಮೂರು ಲಕ್ಷ ಅವರಿಗೆ ಮೂವತ್ತು ಮಾನ್. ಅಂಕಿಗಳನ್ನು ಹಾಳೆಯಲ್ಲಿ ಬರೆದು ಎಲ್ಲರ ಮುಂದೆ ಇಟ್ಟುಬಿಡಿ.

ಧಾರವಾಡದಿಂದ:

ಇಷ್ಟೆಲ್ಲ ಮೊದಲೇ ಹೇಳಿಕೊಟ್ಟರೆ ಅವರು ಕಂಠಪಾಠ ಒಪ್ಪಿಸಿದಂತಾಗುವುದಿಲ್ಲವೇ?

ಮೈಸೂರಿನಿಂದ:

ಇಲ್ಲ ಸರ್, ಪದ ಹುಡುಕುತ್ತ ಕುಳಿತರೆ ಮುಂದಿನ ವಾಕ್ಯ ಕಿವಿಗೆ ಬೀಳುವುದಿಲ್ಲ.

ಶಿಡ್ಲಘಟ್ಟದಿಂದ:

ಎಲ್ಲರಿಗೂ ಧನ್ಯವಾದ. ತಿದ್ದಿದ ಕರಡು ಇದು:

“ಜಪಾನಿ ಮತ್ತು ಕನ್ನಡದ ನಡುವೆ ನೇರವಾಗಿ ಮಾತು ದಾಟಿಸಬಲ್ಲ ದುಭಾಷಿಯೊಬ್ಬರು ಬೇಕಾಗಿದ್ದಾರೆ. ಸಿಗದಿದ್ದಲ್ಲಿ ಇಂಗ್ಲಿಷ್ ಮೂಲಕ ಇಬ್ಬರು. ವಿಷಯ: ದ್ವಿತಳಿ ಗೂಡಿನಿಂದ ನೂಲು ಬಿಚ್ಚುವುದು, ಇಳುವರಿ, ನೂಲಿನ ದಪ್ಪ ತಿಳಿಸುವ ಡೆನಿಯರ್. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸಭೆ, ನಡುವೆ ಬಿಡುವು, ಊಟದ ನಂತರ ಒಂದು ಗಂಟೆ ಶೆಡ್ಡಿನಲ್ಲಿ. ಕಾರ್ಯಕ್ರಮ ಪಟ್ಟಿ, ಮಾತನಾಡುವವರ ಹೆಸರು, ಅಂಕಿಗಳ ಹಾಳೆ ಮತ್ತು ನಮ್ಮ ಕಸುಬಿನ ಪದಗಳ ಪಟ್ಟಿಯನ್ನು ಒಂದು ವಾರ ಮೊದಲು ಕಳುಹಿಸುತ್ತೇವೆ. ಹಿಂದಿನ ದಿನ ಫೋನಿನಲ್ಲಿ ಮಾತನಾಡಲು ಅವಕಾಶವಿರಲಿ.”

ಒಂದು ಪದ ಇನ್ನೂ ಉಳಿದಿದೆ. ಹೀಗೆ ಇಂಗ್ಲಿಷ್ ಮೂಲಕ ಒಬ್ಬ ದುಭಾಷಿಯ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟಿಸುವ ಕ್ರಮಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಧಾರವಾಡದಿಂದ:

‘ಸೇತುಭಾಷಾಂತರ’ ಎನ್ನಿ.

ಮೈಸೂರಿನಿಂದ:

ನಾವು ‘ರಿಲೇ’ ಎಂದೇ ಹೇಳುತ್ತೇವೆ ಸರ್. ಸೇತು ಎಂದರೆ ಸಂಸ್ಥೆಯವರು ಏನೆಂದು ಕೇಳಿ ಮತ್ತೆ ಫೋನ್ ಮಾಡುತ್ತಾರೆ.

ಧಾರವಾಡದಿಂದ:

ಮಾಡಲಿ ಬಿಡಿ, ಒಂದು ಸಲ ಕೇಳಿದರೆ ಮುಂದಿನ ಸಲ ಗೊತ್ತಿರುತ್ತದೆ.