ಅಪ್‌ಡೇಟ್: ಜೂಮ್ ರೆಕಾರ್ಡಿಂಗ್ ಕೊನೆಗೂ ಡಿಲೀಟ್ ಆಯ್ತು

ನಾನು ಕೇಳಿದ್ದು: "ಜೂಮ್ ಮೀಟಿಂಗ್‌ನಲ್ಲಿ ನನ್ನ ಆರೋಗ್ಯದ ವಿಷಯ ಮಾತಾಡಿದ್ದೆ. ಅದು ಕ್ಲೌಡ್‌ನಲ್ಲಿ ರೆಕಾರ್ಡ್ ಆಗಿದೆ. ನಾನು ಹೋಸ್ಟ್ ಅಲ್ಲ. ಅಳಿಸೋದು ಹೇಗೆ?"

ಆರು ದಿನದ ನಂತರ ಕೆಲಸ ಮುಗಿಯಿತು. ನನ್ನ ಅಕೌಂಟ್‌ನಲ್ಲೇ ಹುಡುಕಿ ಅಂದಿದ್ದು ಫಲ ಕೊಡಲಿಲ್ಲ. ಕ್ಲೌಡ್ ರೆಕಾರ್ಡಿಂಗ್ ಹೋಸ್ಟ್ ಅಕೌಂಟ್‌ನಲ್ಲಿ ಇರುತ್ತೆ, ನನಗೆ ಸಿಕ್ಕಿದ್ದು ಬರೀ ನೋಡುವ ಲಿಂಕ್. ಹೋಸ್ಟ್‌ಗೆ ನೇರವಾಗಿ ಬರೆಯಿರಿ, ಮೀಟಿಂಗ್ ದಿನಾಂಕ, ಸಮಯ ಹಾಕಿ ಅಂದವರ ಸಲಹೆಯೇ ಕೆಲಸ ಮಾಡಿತು.

ಹೋಸ್ಟ್ ಅವತ್ತೇ ಅಳಿಸಿದರು. ಲಿಂಕ್ ತೆರೆಯಲಿಲ್ಲ, ನಾನೂ ಸುಮ್ಮನಾದೆ. ಆಮೇಲೆ ಗೊತ್ತಾಯ್ತು, ಅದು ಹೋಗಿದ್ದು ಟ್ರ್ಯಾಶ್‌ಗೆ ಮಾತ್ರ! ಅಲ್ಲಿ 30 ದಿನ ಇರುತ್ತೆ, ಹೋಸ್ಟ್ ಬೇಕಾದರೆ ವಾಪಸ್ ತರಬಹುದು. ಮತ್ತೆ ಕೇಳಿಕೊಂಡೆ. ಅವರು ವೆಬ್‌ಸೈಟ್‌ನಲ್ಲಿ ಲಾಗಿನ್ ಆಗಿ, ರೆಕಾರ್ಡಿಂಗ್ಸ್ ಪುಟದ ಟ್ರ್ಯಾಶ್‌ನಿಂದಲೂ ತೆಗೆದು, ಖಾಲಿ ಪುಟದ ಸ್ಕ್ರೀನ್‌ಶಾಟ್ ಕಳಿಸಿದರು. ತುಂಬಾ ಸಮಾಧಾನ ಆಯ್ತು.

ಇನ್ನೊಂದು ವಿಷಯ ನನಗೆ ಹೊಸದು. ಒಂದು ರೆಕಾರ್ಡಿಂಗ್ ಅಂದರೆ ಒಂದೇ ಫೈಲ್ ಅಲ್ಲ. ಸೆಟ್ಟಿಂಗ್ ಹೇಗಿದೆ ಅನ್ನೋದರ ಮೇಲೆ ವಿಡಿಯೋ, ಆಡಿಯೋ, ಚಾಟ್, ಮಾತಿನ ಬರಹರೂಪ ಬೇರೆಬೇರೆ ಇರಬಹುದು. ವಿಡಿಯೋ ಒಂದನ್ನೇ ಅಳಿಸಿದರೆ ನಾನು ಹೇಳಿದ್ದೆಲ್ಲ ಅಕ್ಷರದಲ್ಲಿ ಉಳಿದುಬಿಡುತ್ತೆ. ಹಾಗಾಗಿ ಇಡೀ ರೆಕಾರ್ಡಿಂಗ್ ಅಳಿಸಿ ಅಂತಲೇ ಕೇಳಿ.

ಆದರೆ ಯಾರಾದರೂ ಮೊದಲೇ ಡೌನ್‌ಲೋಡ್ ಮಾಡಿದ್ದರೆ, ಚಾಟ್ ಸೇವ್ ಮಾಡಿದ್ದರೆ, ಆ ಪ್ರತಿ ಅವರ ಕಂಪ್ಯೂಟರ್‌ನಲ್ಲೇ ಇರುತ್ತೆ. ಹೋಸ್ಟ್ ಅಳಿಸಿದರೂ ಅದು ಹೋಗಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಚಾಟ್‌ನಲ್ಲಿ ಬಂದ ನನ್ನ ರಿಪೋರ್ಟ್ ಇಳಿಸಿಕೊಂಡಿದ್ದರು. ಕೇಳಿದ ತಕ್ಷಣ ಅಳಿಸಿದರು.